ಎರಡು ಹೂಡಿಕೆಗಳು, ಒಂದು ತ್ರಿಭುಜ

(ಗಡಿನಾಡ ಕನ್ನಡ ಮಾಧ್ಯಮ ಶಾಲೆಗಳ ಗಣಿತ ಮತ್ತು ವಾಣಿಜ್ಯ ಶಿಕ್ಷಕರ ಸೇವಾನಿರತ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೆಲವು ವರ್ಷಗಳ ಹಿಂದೆ ನಿವೃತ್ತರಾದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ತಮಗೆ ಬಂದ ಹಣದ ಒಂದು ಪಾಲನ್ನು ಎರಡು ಬೇರೆ ಬೇರೆ ಮ್ಯೂಚುವಲ್ ಫಂಡುಗಳಲ್ಲಿ ಅರ್ಧರ್ಧ ಹಾಕಿದರು. ಒಂದೇ ಕಡೆ ಹಾಕಿದರೆ ಅಪಾಯ, ಎರಡು ಕಡೆ ಹಂಚಿದರೆ ನೆಮ್ಮದಿ ಎಂಬುದು ಅವರ ಲೆಕ್ಕವಾಗಿತ್ತು. ಆದರೆ ಮಾರುಕಟ್ಟೆ ಕುಸಿದಾಗ ಎರಡೂ ಒಂದೇ ದಿನ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಸಿದವು. “ಎರಡು ಬುಟ್ಟಿಯಲ್ಲಿಟ್ಟೆ, ಎರಡೂ ಬುಟ್ಟಿ ಒಂದೇ ಗಾಡಿಯಲ್ಲಿದ್ದವು ಮಾರಾಯ್ರೆ” ಎಂದು ಅವರು ನಕ್ಕರು. ಆ ನಗುವಿನಲ್ಲಿ ನಗು ಹೆಚ್ಚಿರಲಿಲ್ಲ. ಅವರು ಗಣಿತದ ಮೇಷ್ಟ್ರು. ಮಾನಕ ವಿಚಲನೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದವರು. ಹಣ ಹಂಚುವಾಗ ಅವರು ನೋಡದೆ ಬಿಟ್ಟದ್ದು ಒಂದೇ ಒಂದು ಸಂಖ್ಯೆಯನ್ನು, ಎರಡರ ನಡುವಿನ ಸಹಸಂಬಂಧ ಗುಣಾಂಕವನ್ನು. ಆ ಸಂಖ್ಯೆ ಏನು ಮಾಡುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಪ್ರಶ್ನೆಯನ್ನು ಹೀಗಿಡೋಣ. ಏರಿಳಿತವುಳ್ಳ ಎರಡು ಹೂಡಿಕೆಗಳಿವೆ. ಹಣವನ್ನು ಯಾವ ಪಾಲಿನಲ್ಲಿ ಹಂಚಿದರೆ ಒಟ್ಟು ಬುಟ್ಟಿಯ ಏರಿಳಿತ ಅತಿ ಕಡಿಮೆಯಾಗುತ್ತದೆ? ಏರಿಳಿತವನ್ನು ಮಾನಕ ವಿಚಲನೆಯಿಂದ ಅಳೆಯೋಣ. ಅದರ ವರ್ಗಕ್ಕೆ ವೇರಿಯನ್ಸ್ ಎನ್ನೋಣ. ನಿಮ್ಮ ರಾಜ್ಯದ ಪಠ್ಯಪುಸ್ತಕದಲ್ಲಿ ಇದಕ್ಕೆ ಬೇರೆ ಕನ್ನಡ ಪದವಿದ್ದರೆ ತರಗತಿಯಲ್ಲಿ ಅದನ್ನೇ ಬಳಸಿ, ಪರೀಕ್ಷೆಯಲ್ಲಿ ಮಗುವಿಗೆ ಬರುವುದು ಆ ಪದವೇ. ಈ ಪ್ರಶ್ನೆಯನ್ನು ಹೀಗೆ ಗಣಿತವಾಗಿ ಕೇಳಿದ ಪ್ರಸಿದ್ಧ ಪ್ರಬಂಧ ಹ್ಯಾರಿ ಮಾರ್ಕೊವಿಟ್ಜ್ ಎಂಬ ಅಮೆರಿಕನ್ ಅರ್ಥಶಾಸ್ತ್ರಜ್ಞರದು, 1952ರಲ್ಲಿ ಪ್ರಕಟವಾಯಿತು. 1990ರಲ್ಲಿ ಅವರು ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ಸೂತ್ರಕ್ಕೆ ಮೊದಲು ಒಂದು ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯಿರಿ. ಎರಡು ಹೂಡಿಕೆಗಳಿಗೆ ಚಿನ್ನ, ಷೇರು ಎಂದು ಹೆಸರಿಡೋಣ. ಅಂಕಿಗಳು ಮಾರುಕಟ್ಟೆಯವಲ್ಲ, ಲೆಕ್ಕ ಸರಳವಾಗಲೆಂದು ನಾನು ದುಂಡಗೆ ಮಾಡಿಟ್ಟವು. ಪ್ರತಿ ವರ್ಷದ ಪ್ರತಿಫಲವು ತನ್ನ ಸರಾಸರಿಯಿಂದ ಎಷ್ಟು ಶೇಕಡಾ ಮೇಲೆ ಅಥವಾ ಕೆಳಗೆ ಇತ್ತು ಎಂಬುದನ್ನಷ್ಟೇ ಬರೆದಿದ್ದೇನೆ.

ವರ್ಷ: 1, 2, 3, 4, 5, 6, 7, 8
ಚಿನ್ನ: +10, +10, +10, +10, −10, −10, −10, −10
ಷೇರು: +20, +20, −20, −20, +20, +20, −20, −20

ಚಿನ್ನದ ಮಾನಕ ವಿಚಲನೆ 10, ಷೇರಿನದು 20. ಬಾಯಿಲೆಕ್ಕದಲ್ಲೇ ತಿಳಿಯುತ್ತದೆ. ಎಂಟು ವರ್ಷಗಳಲ್ಲಿ ನಾಲ್ಕು ವರ್ಷ ಎರಡೂ ಒಂದೇ ದಿಕ್ಕಿಗೆ ಹೋದವು, ಉಳಿದ ನಾಲ್ಕು ವರ್ಷ ವಿರುದ್ಧ ದಿಕ್ಕಿಗೆ. ಆದ್ದರಿಂದ ಸಹಸಂಬಂಧ ಸೊನ್ನೆ. ಈಗ ಮಕ್ಕಳನ್ನು ಕೇಳಿ: ಏರಿಳಿತ ಕಡಿಮೆ ಬೇಕು ಎನ್ನುವವನು ಷೇರನ್ನು ಮುಟ್ಟಬೇಕೆ? ಬಹುಪಾಲು ಮಕ್ಕಳು, ನಮ್ಮಲ್ಲಿಯೂ ಅನೇಕರು, ಬೇಡವೆನ್ನುತ್ತಾರೆ. ಇಮ್ಮಡಿ ಓಲಾಡುವುದನ್ನು ಸೇರಿಸಿದರೆ ಬುಟ್ಟಿಯ ಓಲಾಟ ಹೆಚ್ಚಬೇಕಲ್ಲವೆ?

ನೂರು ರೂಪಾಯಿಯಲ್ಲಿ 80 ಚಿನ್ನಕ್ಕೆ, 20 ಷೇರಿಗೆ ಹಾಕಿ ನೋಡಿ. ಮೊದಲೆರಡು ವರ್ಷ ಚಿನ್ನದಿಂದ +8, ಷೇರಿನಿಂದ +4, ಒಟ್ಟು +12. ಮುಂದಿನ ಎರಡು ವರ್ಷ +4. ಅನಂತರ ಎರಡು ವರ್ಷ −4, ಕೊನೆಯ ಎರಡು ವರ್ಷ −12. ಇವುಗಳ ವರ್ಗಗಳ ಮೊತ್ತ 640, ಎಂಟರಿಂದ ಭಾಗಿಸಿದರೆ 80. ವರ್ಗಮೂಲ 8.94. ಪೂರ್ತಿ ಚಿನ್ನದಲ್ಲಿಟ್ಟವನ ಏರಿಳಿತ 10, ಐದನೇ ಒಂದು ಪಾಲು ಷೇರಿಗೆ ಕೊಟ್ಟವನದು 8.94. ಹೆಚ್ಚು ಓಲಾಡುವುದನ್ನು ಸ್ವಲ್ಪ ಸೇರಿಸಿದ್ದರಿಂದ ಬುಟ್ಟಿ ಹೆಚ್ಚು ಸ್ಥಿರವಾಯಿತು.

ಈಗ ಮೂರನೆಯ ವರ್ಷದ ಮತ್ತು ಆರನೆಯ ವರ್ಷದ ಷೇರಿನ ಅಂಕಿಗಳನ್ನು ಮಾತ್ರ ಅದಲುಬದಲು ಮಾಡಿ. ಮೂರರಲ್ಲಿ +20, ಆರರಲ್ಲಿ −20. ಷೇರಿನ ಸರಾಸರಿ ಬದಲಾಗಲಿಲ್ಲ, ಮಾನಕ ವಿಚಲನೆ ಬದಲಾಗಲಿಲ್ಲ. ಷೇರಿನ ಸಾಲನ್ನಷ್ಟೇ ನೋಡಿದವನಿಗೆ ಏನೂ ಆಗಿಯೇ ಇಲ್ಲ. ಆದರೆ ಈಗ ಎಂಟರಲ್ಲಿ ಆರು ವರ್ಷ ಎರಡೂ ಒಂದೇ ದಿಕ್ಕಿಗೆ ಹೋಗುತ್ತವೆ, ಸಹಸಂಬಂಧ 0.5 ಆಗುತ್ತದೆ. ಅದೇ 80–20 ಬುಟ್ಟಿಯಲ್ಲಿ ಆರು ವರ್ಷ 12ರ ಅಂತರ, ಎರಡು ವರ್ಷ 4ರ ಅಂತರ. ವೇರಿಯನ್ಸ್ 112, ಮಾನಕ ವಿಚಲನೆ 10.58. ಸ್ಥಿರತೆ ತಂದಿದ್ದ ಅದೇ ಐದನೇ ಒಂದು ಪಾಲು ಈಗ ಅಸ್ಥಿರತೆ ತಂದಿತು. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಬರೆಯದೆ ಸೂತ್ರಕ್ಕೆ ಹೋಗಬೇಡಿ ಎಂದು ನಾನು ತರಬೇತಿಗಳಲ್ಲಿ ಹಟ ಹಿಡಿಯುವುದುಂಟು. ಸಹಸಂಬಂಧವೆಂಬುದು ಯಾವುದೇ ಒಂದು ಹೂಡಿಕೆಯೊಳಗೆ ಇರುವುದಿಲ್ಲ, ಎರಡರ ಜೋಡಣೆಯಲ್ಲಿರುತ್ತದೆ ಎಂಬುದು ಕಣ್ಣಿಗೆ ಕಾಣುವುದು ಇಲ್ಲಿಯೇ.

ಇನ್ನು ಸೂತ್ರ. ಮೊದಲ ಹೂಡಿಕೆಯ ಮಾನಕ ವಿಚಲನೆ a, ಎರಡನೆಯದರದು b, ಸಹಸಂಬಂಧ r, ಮೊದಲನೆಯದಕ್ಕೆ ಕೊಡುವ ಪಾಲು w ಎಂದಿರಲಿ. ಎರಡನೆಯದಕ್ಕೆ ಉಳಿಯುವುದು 1 − w. ಬುಟ್ಟಿಯ ವೇರಿಯನ್ಸ್ ಹೀಗಿರುತ್ತದೆ:

V = w²a² + (1 − w)²b² + 2w(1 − w)rab

ಇದು w ದ ವರ್ಗೋಕ್ತಿ. ವರ್ಗ ಪೂರ್ಣಗೊಳಿಸಿಯೋ ಅವಕಲನದಿಂದಲೋ ಇದರ ಕನಿಷ್ಠ ಬೆಲೆ ಕಂಡುಹಿಡಿದರೆ ಸಿಗುವ ಪಾಲು ಇದು:

w = (b² − rab) / (a² + b² − 2rab)

ಹೆಚ್ಚಿನ ಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ಮಕ್ಕಳು ಉರುಹೊಡೆಯುತ್ತಾರೆ, ಅಂಕಿ ತುಂಬುತ್ತಾರೆ, ಮರೆಯುತ್ತಾರೆ. ಆದರೆ ಆ ಛೇದವನ್ನು ಇನ್ನೊಮ್ಮೆ ನೋಡಿ. a² + b² − 2rab. ಇದನ್ನು ನೀವು ಬೇರೊಂದು ಪಾಠದಲ್ಲಿ ನೂರು ಸಲ ಬರೆದಿದ್ದೀರಿ. ತ್ರಿಭುಜದ ಎರಡು ಬಾಹುಗಳು a, b, ಅವುಗಳ ನಡುವಿನ ಕೋನದ ಕೊಸೈನ್ r ಆದರೆ ಮೂರನೆಯ ಬಾಹುವಿನ ವರ್ಗ ಇದೇ. ಕೊಸೈನ್ ನಿಯಮ ತಾನೇ ಇದು! ಸಹಸಂಬಂಧ −1ರಿಂದ +1ರವರೆಗೆ ಚಲಿಸುತ್ತದೆ, ಕೊಸೈನ್ ಕೂಡ ಹಾಗೆಯೇ. ಇದು ಕಾಕತಾಳೀಯವಲ್ಲ. ಇಡೀ ಪ್ರಶ್ನೆಯನ್ನು ಒಂದು ತ್ರಿಭುಜವಾಗಿ ಬಿಡಿಸಬಹುದು.

O ಎಂಬ ಬಿಂದುವಿನಿಂದ ಎರಡು ರೇಖಾಖಂಡಗಳನ್ನು ಎಳೆಯಿರಿ. OA ಉದ್ದ a, OB ಉದ್ದ b. ನಡುವಿನ ಕೋನ, ಕೊಸೈನ್ r ಆಗುವಷ್ಟು. ಸಹಸಂಬಂಧ ಸೊನ್ನೆಯಾದರೆ 90 ಡಿಗ್ರಿ, 0.5 ಆದರೆ 60 ಡಿಗ್ರಿ, −0.5 ಆದರೆ 120 ಡಿಗ್ರಿ. A ಮತ್ತು B ಸೇರಿಸಿ. ಪೂರ್ತಿ ಚಿನ್ನದ ಬುಟ್ಟಿ A ಬಿಂದು, ಪೂರ್ತಿ ಷೇರಿನದು B ಬಿಂದು. ಹಂಚಿದ ಬುಟ್ಟಿಗಳೆಲ್ಲ AB ಯ ಮೇಲಿನ ಬಿಂದುಗಳು. ಚಿನ್ನದ ಪಾಲು ಹೆಚ್ಚಿದಷ್ಟೂ ಬಿಂದು A ಯ ಕಡೆಗೆ ಸರಿಯುತ್ತದೆ. ಯಾವುದೇ ಬುಟ್ಟಿಯ ಮಾನಕ ವಿಚಲನೆ ಎಂದರೆ O ವಿನಿಂದ ಆ ಬಿಂದುವಿಗಿರುವ ದೂರ.

ಇದನ್ನು ಸುಮ್ಮನೆ ನಂಬಬೇಡಿ, ಲಂಬಕೋನದ ಸಂದರ್ಭದಲ್ಲಿ ನಿರ್ದೇಶಾಂಕ ಹಾಕಿ ಪರೀಕ್ಷಿಸಿ. O ಮೂಲಬಿಂದು, A ಎಂದರೆ (10, 0), B ಎಂದರೆ (0, 20). ಭಾಗ ಪ್ರಮಾಣ ಸೂತ್ರದಂತೆ 80–20 ಬುಟ್ಟಿಯ ಬಿಂದು (8, 4). ಮೂಲಬಿಂದುವಿನಿಂದ ಅದರ ದೂರದ ವರ್ಗ 64 + 16 = 80. ಪಟ್ಟಿಯಿಂದ ಬಂದದ್ದೂ ಅದೇ ಎಂಬತ್ತು.

ಈಗ ಪ್ರಶ್ನೆ ಮಗುವಿಗೂ ಎಟಕುವಂಥದ್ದಾಯಿತು. AB ರೇಖೆಯ ಮೇಲೆ O ವಿಗೆ ಅತಿ ಹತ್ತಿರದ ಬಿಂದು ಯಾವುದು? O ವಿನಿಂದ AB ಗೆ ಎಳೆದ ಲಂಬದ ಪಾದ. ಅದನ್ನು F ಎನ್ನೋಣ. ಲಂಬದ ಎತ್ತರವೇ ಸಾಧ್ಯವಿರುವ ಕನಿಷ್ಠ ಏರಿಳಿತ. AB ಯನ್ನು F ಯಾವ ಪ್ರಮಾಣದಲ್ಲಿ ಭಾಗಿಸುತ್ತದೆಯೋ ಅದೇ ಹಂಚಿಕೆ: ಷೇರಿನ ಪಾಲು AF / AB, ಚಿನ್ನದ ಪಾಲು BF / AB.

ಕೊಸೈನ್ ನಿಯಮ ಓದದ ಮಕ್ಕಳಿಗೂ ಅಳತೆಪಟ್ಟಿ, ಕೋನಮಾಪಕ, ಮೂಲೆಪಟ್ಟಿ ಸಾಕು. ಶೇಕಡಾ ಒಂದಕ್ಕೆ ಅರ್ಧ ಸೆಂಟಿಮೀಟರ್ ಎಂದು ಹಿಡಿದರೆ OA 5 ಸೆಂ.ಮೀ., OB 10 ಸೆಂ.ಮೀ. ಲಂಬಕೋನದಲ್ಲಿ ಎಳೆದರೆ AB ಸುಮಾರು 11.2 ಸೆಂ.ಮೀ., AF ಸುಮಾರು 2.2 ಸೆಂ.ಮೀ. ಭಾಗಿಸಿದರೆ ಐದನೇ ಒಂದು ಪಾಲು. ಲಂಬದ ಎತ್ತರ ಸುಮಾರು 4.5 ಸೆಂ.ಮೀ., ಅಂದರೆ ಏರಿಳಿತ ಒಂಬತ್ತರ ಹತ್ತಿರ. ಪೆನ್ಸಿಲಿನ ಮೊನೆ ದಪ್ಪಗಿದ್ದರೂ ಉತ್ತರ ಕೆಡುವುದಿಲ್ಲ.

ಇನ್ನು ಮುಂದಿನದು ಕೋನವನ್ನು ತೆರೆಯುವ, ಮುಚ್ಚುವ ಆಟ. A ಯನ್ನು ಕದಲಿಸದೆ OB ಯನ್ನು ಬಾಗಿಲಿನಂತೆ ತಿರುಗಿಸಿ.

ಕೋನವನ್ನು 120 ಡಿಗ್ರಿಗೆ ತೆರೆಯಿರಿ, ಅಂದರೆ ಸಹಸಂಬಂಧ −0.5. ಲಂಬ ಗಿಡ್ಡವಾಗುತ್ತದೆ, ಏರಿಳಿತ 6.55. ಷೇರಿನ ಪಾಲು ಶೇ. 28.6ಕ್ಕೆ ಏರುತ್ತದೆ. ಇನ್ನೂ ತೆರೆದು 180 ಡಿಗ್ರಿ ಮಾಡಿದರೆ O ಬಿಂದು AB ಯ ಮೇಲೆಯೇ ಬಂದು ಕೂರುತ್ತದೆ. ಲಂಬದ ಎತ್ತರ ಸೊನ್ನೆ, ಏರಿಳಿತವೂ ಸೊನ್ನೆ, ಷೇರಿನ ಪಾಲು ಮೂರನೇ ಒಂದು. ಒಮ್ಮೆ ತಾಳವಾಡಿ ಕಡೆಯ ಶಿಕ್ಷಕಿಯೊಬ್ಬರು, “ಸಾರ್, ಒಂದು ಇನ್ನೊಂದರ ಇಮ್ಮಡಿ ಓಲಾಡುತ್ತದೆಂದರೆ ಅದಕ್ಕೆ ಅರ್ಧದಷ್ಟು ಹಣ ಕೊಟ್ಟರಾಯಿತಲ್ಲ, ಎರಡಕ್ಕೆ ಒಂದರಂತೆ?” ಎಂದು ಕೇಳಿದರು. ಬಹಳ ಸಹಜವಾದ ಊಹೆ. ಆದರೆ ಅದು ಸರಿಯಾಗುವುದು ಈ ಒಂದು ತುದಿಯಲ್ಲಿ, ಸಹಸಂಬಂಧ −1 ಆದಾಗ ಮಾತ್ರ. ಸಹಸಂಬಂಧ ಸೊನ್ನೆಯಾಗಿದ್ದಾಗ ಎರಡಕ್ಕೆ ಒಂದರಂತೆ ಹಂಚಿದರೆ ಏರಿಳಿತ 9.43, ನಾಲ್ಕಕ್ಕೆ ಒಂದರಂತೆ ಹಂಚಿದರೆ 8.94. ಸೊನ್ನೆಯಲ್ಲಿ ಪಾಲುಗಳು ವಿಚಲನೆಗಳಿಗಲ್ಲ, ಅವುಗಳ ವರ್ಗಗಳಿಗೆ ವಿಲೋಮವಾಗಿರುತ್ತವೆ.

ಈಗ ಬಾಗಿಲನ್ನು ಮುಚ್ಚುತ್ತ ಬನ್ನಿ. ಸಹಸಂಬಂಧ 0.25ಕ್ಕೆ ಕೋನ ಸುಮಾರು 75 ಡಿಗ್ರಿ. ಷೇರಿನ ಪಾಲು ಶೇ. 12.5ಕ್ಕೆ ಇಳಿಯಿತು, ಏರಿಳಿತ 9.68. F ಬಿಂದು A ಯ ಕಡೆಗೆ ಸರಿಯುತ್ತಿರುವುದನ್ನು ಮಕ್ಕಳೇ ಹೇಳುತ್ತಾರೆ. ಕೋನ 60 ಡಿಗ್ರಿ ಆದಾಗ F ಬಿಂದು A ಯ ಮೇಲೆಯೇ ಬೀಳುತ್ತದೆ. 30, 60, 90 ಡಿಗ್ರಿಗಳ ಪರಿಚಿತ ತ್ರಿಭುಜ ಇದು. A ಯಲ್ಲಿ ಲಂಬಕೋನ. ಷೇರಿನ ಪಾಲು ಸೊನ್ನೆ. ನಮ್ಮ ಎರಡನೆಯ ಪಟ್ಟಿಯಲ್ಲಿ ಷೇರಿಗೆ ಕೊಟ್ಟ ಹಣ ಏಕೆ ಕೇಡುಮಾಡಿತು ಎಂಬುದಕ್ಕೆ ಉತ್ತರ ಇಲ್ಲಿದೆ. A ಯಿಂದ B ಯತ್ತ ಒಂದು ಹೆಜ್ಜೆ ಇಟ್ಟರೂ O ವಿನಿಂದ ದೂರವೇ ಸರಿಯುತ್ತೇವೆ.

ಇಡೀ ವಿಷಯದಲ್ಲಿ ನೆನಪಿಡಬೇಕಾದ ಗಡಿರೇಖೆ ಇದು. A ಯಲ್ಲಿ ಲಂಬಕೋನ ಬಂದಾಗ ಕೋನದ ಕೊಸೈನ್ a / b. ಆದ್ದರಿಂದ ಸಹಸಂಬಂಧವು ಸಣ್ಣ ವಿಚಲನೆಯನ್ನು ದೊಡ್ಡ ವಿಚಲನೆಯಿಂದ ಭಾಗಿಸಿದ ಬೆಲೆಗಿಂತ ಕಡಿಮೆಯಿದ್ದರೆ ಮಾತ್ರ, ಹೆಚ್ಚು ಓಲಾಡುವುದನ್ನು ಸೇರಿಸುವುದರಿಂದ ಓಲಾಟ ಕಡಿಮೆಯಾಗುತ್ತದೆ. ಸಹಸಂಬಂಧ ಒಂದಕ್ಕಿಂತ ಕಡಿಮೆಯಿದ್ದರೆ ಸಾಕು, ಹಂಚಿಕೆಯಿಂದ ಏರಿಳಿತ ತಗ್ಗುತ್ತದೆ ಎಂಬ ಮಾತನ್ನು ಬೋಧನಾ ಟಿಪ್ಪಣಿಗಳಲ್ಲಿ ಕಂಡಿದ್ದೇನೆ. ಅರ್ಧ ಸತ್ಯ ಅದು. ಎರಡು ವಿಚಲನೆಗಳ ಸರಾಸರಿಗಿಂತ ಬುಟ್ಟಿಯದು ಕಡಿಮೆ ಇರುತ್ತದೆ ಎಂಬುದು ನಿಜ. ಎರಡರಲ್ಲಿ ಚಿಕ್ಕದಕ್ಕಿಂತಲೂ ಕಡಿಮೆಯಾಗುತ್ತದೆ ಎನ್ನಲು ಈ ಗಡಿರೇಖೆಯನ್ನು ದಾಟಿರಬಾರದು.

ದಾಟಿದರೆ? ಸಹಸಂಬಂಧ 0.8 ಎಂದಿಟ್ಟುಕೊಳ್ಳಿ, ಕೋನ ಸುಮಾರು 37 ಡಿಗ್ರಿ. A ಯಲ್ಲಿ ವಿಶಾಲಕೋನ ಬರುತ್ತದೆ, ಲಂಬ AB ಯ ಹೊರಗೆ ಬೀಳುತ್ತದೆ. ಸೂತ್ರ ಕೊಡುವ ಉತ್ತರ: ಚಿನ್ನಕ್ಕೆ ಶೇ. 133, ಷೇರಿಗೆ ಶೇ. −33. ಇಲ್ಲಿ ಮಗು ತಾನು ಲೆಕ್ಕ ತಪ್ಪಿದೆನೆಂದು ಹಾಳೆಯನ್ನು ಹೊಡೆದುಹಾಕುತ್ತದೆ. ತಪ್ಪಿಲ್ಲ. ಋಣ ಪಾಲು ಎಂದರೆ ಷೇರನ್ನು ಎರವಲು ತಂದು ಮಾರಿ, ಬಂದ ಹಣದಿಂದ ಇನ್ನಷ್ಟು ಚಿನ್ನ ಕೊಳ್ಳುವುದು. ಮುಂದೆ ಷೇರನ್ನು ಕೊಂಡು ಹಿಂದಿರುಗಿಸುವುದು. ಮಾರುಕಟ್ಟೆಯಲ್ಲಿ ಅಂಥ ವ್ಯವಹಾರವಿದೆ. ನಮ್ಮಂಥ ಸಂಬಳದವರ ಉಳಿತಾಯಕ್ಕೆ ಅದು ಹೊಂದುವುದಿಲ್ಲ, ನಷ್ಟಕ್ಕೆ ಅಲ್ಲಿ ಮಿತಿಯೂ ಇಲ್ಲ. ಎರವಲು ಮಾರಾಟವಿಲ್ಲ ಎಂಬ ನಿಬಂಧನೆ ಹಾಕಿದರೆ ನಾವು A ಯಿಂದಾಚೆ ಹೋಗುವಂತಿಲ್ಲ. ಆಗ ಉತ್ತರ ಪೂರ್ತಿ ಚಿನ್ನ, ಏರಿಳಿತ 10. ಪ್ರಶ್ನೆಪತ್ರಿಕೆ ತಯಾರಿಸುವವರು ಈ ನಿಬಂಧನೆಯನ್ನು ಒಂದು ವಾಕ್ಯದಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಎರಡು ಸರಿ ಉತ್ತರಗಳಿರುತ್ತವೆ.

ಈಗ ನನ್ನ ಹಿರಿಯ ಸಹೋದ್ಯೋಗಿಯ ವಿಷಯಕ್ಕೆ ಮರಳೋಣ. ಅವರ ಎರಡೂ ಫಂಡುಗಳ ವಿಚಲನೆ ಹತ್ತಿರ ಹತ್ತಿರ ಒಂದೇ ಎನ್ನಿ, 18. ಹಾಗಿದ್ದಾಗ ತ್ರಿಭುಜ ಸಮದ್ವಿಬಾಹು. ಕೋನ ಎಷ್ಟೇ ಇರಲಿ ಲಂಬ AB ಯ ಮಧ್ಯಕ್ಕೇ ಬೀಳುತ್ತದೆ. ಅಂದರೆ ಎರಡರ ವಿಚಲನೆ ಸಮವಾಗಿದ್ದಾಗ ಸಹಸಂಬಂಧವು ಪಾಲನ್ನು ಬದಲಿಸುವುದೇ ಇಲ್ಲ. ಅರ್ಧರ್ಧ ಎಂಬುದು ಯಾವಾಗಲೂ ಸರಿಯುತ್ತರ. ಅವರ ಹಂಚಿಕೆಯಲ್ಲಿ ದೋಷವಿರಲಿಲ್ಲ! ಬದಲಾಗುವುದು ಲಂಬದ ಎತ್ತರ. ಸಹಸಂಬಂಧ ಸೊನ್ನೆಯಾಗಿದ್ದರೆ ಏರಿಳಿತ 18ರಿಂದ 12.7ಕ್ಕೆ ಇಳಿಯುತ್ತಿತ್ತು. 0.95 ಆಗಿದ್ದರೆ 17.8ಕ್ಕೆ ನಿಲ್ಲುತ್ತದೆ. ಎರಡೂ ಫಂಡುಗಳು ಹಾಕಿದ್ದು ಬಹುಪಾಲು ಅದೇ ದೊಡ್ಡ ಕಂಪನಿಗಳ ಷೇರುಗಳಲ್ಲಿ. ಫಂಡಿನ ಹೆಸರು ಬೇರೆಯಾಗಿತ್ತು, ಒಳಗಿನ ಸರಕು ಒಂದೇ ಆಗಿತ್ತು. ಪ್ರತಿ ಫಂಡೂ ತಾನು ಯಾವ ಯಾವ ಷೇರು ಹೊಂದಿದೆ ಎಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಎರಡು ಪಟ್ಟಿಗಳ ಮೊದಲ ಹತ್ತು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಸಹಸಂಬಂಧ ಲೆಕ್ಕಹಾಕುವುದಕ್ಕಿಂತ ಸುಲಭ.

ಏಕೆಂದರೆ ಸಹಸಂಬಂಧದ ಹಿಂದೆ ಸಾಮಾನ್ಯವಾಗಿ ಒಂದು ಸಮಾನ ಕಾರಣವಿರುತ್ತದೆ. ಕಾಸರಗೋಡಿನ ಒಂದು ತರಬೇತಿಯಲ್ಲಿ ಅಡಿಕೆ ತೋಟವುಳ್ಳ ಶಿಕ್ಷಕರೊಬ್ಬರು, ಅಡಿಕೆ ಮರಕ್ಕೆ ಕರಿಮೆಣಸು ಹಬ್ಬಿಸಿದ್ದೇನೆ, ಇದೂ ಎರಡು ಹೂಡಿಕೆಯ ಬುಟ್ಟಿಯಲ್ಲವೆ ಎಂದರು. ಹೌದು, ಬುಟ್ಟಿಯೇ. ಆದರೆ ಮಳೆ ವಿಪರೀತವಾದ ವರ್ಷ ಅಡಿಕೆಗೆ ಕೊಳೆರೋಗ ಬರುತ್ತದೆ, ಮೆಣಸಿನ ಬಳ್ಳಿಗೆ ಸೊರಗು ರೋಗ ಬರುತ್ತದೆ, ಮತ್ತು ಎರಡಕ್ಕೂ ಕಾರಣ ಫೈಟೋಫ್ಥೋರಾ ಎಂಬ ಒಂದೇ ಕುಲದ ರೋಗಾಣುಗಳು. ಹಾಗಾಗಿ ಇಳುವರಿಯ ಮಟ್ಟಿಗೆ ಆ ಎರಡು ಬೆಳೆಗಳ ನಡುವಿನ ಕೋನ ಅಂಥ ವರ್ಷಗಳಲ್ಲಿ ಕಿರಿದು. ಬೆಲೆಯ ಮಾತು ಬೇರೆ. ಅಡಿಕೆಯ ಗಿರಾಕಿಯೂ ಮೆಣಸಿನ ಗಿರಾಕಿಯೂ ಒಬ್ಬರೇ ಅಲ್ಲ. ಆ ಶಿಕ್ಷಕರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ತಮ್ಮ ತೋಟದ ಹತ್ತು ವರ್ಷದ ಲೆಕ್ಕವನ್ನು ನೆನಪಿನಿಂದಲೇ ಕಾಗದದ ಮೇಲೆ ಬರೆಯತೊಡಗಿದ್ದರು.

ಹತ್ತು ವರ್ಷದ ಲೆಕ್ಕ ಎಂದೆ. ಇಲ್ಲಿ ಎಚ್ಚರಿಕೆ ಬೇಕು. ನಮ್ಮ ಎಂಟು ವರ್ಷದ ಪಟ್ಟಿಯಲ್ಲಿ ಎರಡೇ ಅಂಕಿಗಳು ಸ್ಥಳ ಬದಲಿಸಿದಾಗ ಸಹಸಂಬಂಧ ಸೊನ್ನೆಯಿಂದ 0.5ಕ್ಕೆ ಹಾರಿತು, ಷೇರಿನ ಪಾಲು ಶೇ. 20ರಿಂದ ಸೊನ್ನೆಗೆ ಬಿತ್ತು. ನಿಜವಾದ ಸಹಸಂಬಂಧ ಸೊನ್ನೆಯೇ ಆಗಿದ್ದರೂ, n ದತ್ತಾಂಶಗಳಿಂದ ನಾವು ಲೆಕ್ಕಹಾಕುವ ಬೆಲೆ ಸುಮಾರು 1/√n ನಷ್ಟು ಆಚೀಚೆ ಓಲಾಡುತ್ತದೆ. ಎಂಟು ವರ್ಷಕ್ಕೆ ಅದು 0.35. ಅರವತ್ತು ತಿಂಗಳ ಅಂಕಿಗಳಿದ್ದರೂ 0.13. ಹಾಗಿರುವಾಗ ಪಾಲು ಶೇ. 17.38 ಎಂದು ಎರಡು ದಶಮಾಂಶದವರೆಗೆ ಉತ್ತರ ಬರೆಸುವುದು ನನಗೆ ಅಷ್ಟು ಪ್ರಾಮಾಣಿಕವಾಗಿ ಕಾಣುವುದಿಲ್ಲ.

ಅದೃಷ್ಟಕ್ಕೆ ಸಣ್ಣ ತಪ್ಪುಗಳನ್ನು ತ್ರಿಭುಜವೇ ಕ್ಷಮಿಸುತ್ತದೆ. F ನಿಂದ ಸ್ವಲ್ಪ ಸರಿದು P ಎಂಬ ಬಿಂದುವಿನಲ್ಲಿ ನಿಂತರೆ, ಪೈಥಾಗೊರಸ್ ಪ್ರಮೇಯದಂತೆ OP² = OF² + FP². ಸಣ್ಣ ದೂರದ ವರ್ಗ ಇನ್ನೂ ಸಣ್ಣದು. ಸಹಸಂಬಂಧ ಸೊನ್ನೆಯಿದ್ದಾಗ ಷೇರಿಗೆ ಶೇ. 20ರ ಬದಲು 10 ಕೊಟ್ಟರೂ 30 ಕೊಟ್ಟರೂ ವೇರಿಯನ್ಸ್ 80ರಿಂದ 85ಕ್ಕೆ, ವಿಚಲನೆ 8.94ರಿಂದ 9.22ಕ್ಕೆ ಮಾತ್ರ ಏರುತ್ತದೆ. ಪಾದದ ಸುತ್ತಮುತ್ತ ನೆಲ ಸಮತಟ್ಟಾಗಿರುತ್ತದೆ.

ಕ್ಷಮೆಯಿಲ್ಲದಿರುವುದು ಕೋನವೇ ಬದಲಾದಾಗ. ಅಮೆರಿಕದಲ್ಲಿ 2000ದ ನಂತರದ ಸುಮಾರು ಎರಡು ದಶಕ ಷೇರುಗಳಿಗೂ ಸರ್ಕಾರಿ ಸಾಲಪತ್ರಗಳಿಗೂ ಬಹುಮಟ್ಟಿಗೆ ಋಣ ಸಹಸಂಬಂಧವಿತ್ತು: ಷೇರು ಕುಸಿದಾಗ ಜನ ಸಾಲಪತ್ರಗಳತ್ತ ಓಡುತ್ತಿದ್ದರು, ಅವುಗಳ ಬೆಲೆ ಏರುತ್ತಿತ್ತು. 2022ರಲ್ಲಿ ಹಣದುಬ್ಬರವನ್ನು ತಡೆಯಲು ಅಲ್ಲಿಯ ಕೇಂದ್ರ ಬ್ಯಾಂಕು ಬಡ್ಡಿದರವನ್ನು ಸೊನ್ನೆಯ ಸಮೀಪದಿಂದ ವರ್ಷಾಂತ್ಯಕ್ಕೆ ಶೇ. 4ರಿಂದಾಚೆಗೆ ಒಯ್ದಿತು. ಬಡ್ಡಿ ಏರಿದರೆ ಕಡಿಮೆ ಬಡ್ಡಿಯ ಹಳೆಯ ಸಾಲಪತ್ರಗಳ ಬೆಲೆ ಬೀಳಲೇಬೇಕು. ಅದೇ ಕಾರಣಕ್ಕೆ ಷೇರುಗಳೂ ಬಿದ್ದವು. ಆ ವರ್ಷ ಅಲ್ಲಿನ ಐನೂರು ಕಂಪನಿಗಳ ಪ್ರಮುಖ ಷೇರು ಸೂಚ್ಯಂಕ ಶೇ. 19ರಷ್ಟು ಕುಸಿಯಿತು, ಸಾಲಪತ್ರಗಳೂ ಜೊತೆಗೇ ಕುಸಿದವು.

ಇದರ ಪರಿಣಾಮವನ್ನು ದುಂಡು ಅಂಕಿಗಳಲ್ಲಿ ನೋಡೋಣ. ಸಾಲಪತ್ರದ ವಿಚಲನೆ 5, ಷೇರಿನದು 15 ಎನ್ನಿ. ಗಡಿರೇಖೆ ಮೂರನೇ ಒಂದು. ಸಹಸಂಬಂಧ −0.3 ಎಂದು ನಂಬಿ ಲೆಕ್ಕ ಹಾಕಿದವನು ಷೇರಿಗೆ ಶೇ. 16 ಕೊಡುತ್ತಾನೆ, ಏರಿಳಿತ 4.2 ಎಂದು ನಿರೀಕ್ಷಿಸುತ್ತಾನೆ. ಆದರೆ ನಿಜವಾದ ಸಹಸಂಬಂಧ +0.3 ಆಯಿತು ಎಂದಿಟ್ಟುಕೊಳ್ಳಿ. ಆಗ ಸರಿಯಾದ ಪಾಲು ಶೇ. 1ರ ಆಸುಪಾಸು. ಅವನ ಹಳೆಯ ಬುಟ್ಟಿಯ ಏರಿಳಿತ ಈಗ 5.4. ಷೇರನ್ನು ಮುಟ್ಟದೆ ಪೂರ್ತಿ ಸಾಲಪತ್ರದಲ್ಲೇ ಇದ್ದಿದ್ದರೆ 5 ಇರುತ್ತಿತ್ತು. ಒಂದು ಚಿಹ್ನೆ ಬದಲಾದದ್ದಕ್ಕೆ ಇಷ್ಟು. ಹಾಗೆಯೇ 2020ರ ಮಾರ್ಚ್ ತಿಂಗಳ ನಡುವೆ, ಕೊರೊನಾ ಭೀತಿಯಲ್ಲಿ ಎಲ್ಲರಿಗೂ ನಗದೇ ಬೇಕಾದಾಗ, ಜಗತ್ತಿನ ಮಾರುಕಟ್ಟೆಯಲ್ಲಿ ಚಿನ್ನವೂ ಕೆಲವು ದಿನ ಷೇರುಗಳ ಜೊತೆಗೇ ಇಳಿಯಿತು. ಅಗಲವಾಗಿದೆಯೆಂದು ನಾವು ನಂಬಿದ ಕೋನ ಬೇಕಾದ ದಿನವೇ ಕಿರಿದಾಗಬಹುದು.

ಇನ್ನೊಂದು ಮಿತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಈ ಸೂತ್ರದಲ್ಲಿ ಸರಾಸರಿ ಪ್ರತಿಫಲ ಎಲ್ಲಿಯೂ ಇಲ್ಲ. ಚಿನ್ನದ ಸರಾಸರಿ ಶೇ. 6, ಷೇರಿನದು ಶೇ. 12 ಇದ್ದರೂ ತ್ರಿಭುಜಕ್ಕೆ ಅದು ತಿಳಿಯದು. F ಎಂಬುದು ಅತಿ ಕಡಿಮೆ ಓಲಾಟದ ಬಿಂದು, ಎಲ್ಲರಿಗೂ ಉತ್ತಮವಾದ ಬಿಂದುವಲ್ಲ. ಮೂವತ್ತರ ಹರೆಯದವರು F ದಾಟಿ B ಯತ್ತ ನಡೆಯಲು ಕಾರಣವಿರಬಹುದು. ಮುಂದಿನ ವರ್ಷ ಮಗಳ ಮದುವೆಯಿರುವವರು ಪಾದದಲ್ಲೇ ನಿಲ್ಲಬಹುದು. ಸ್ವತಃ ಮಾರ್ಕೊವಿಟ್ಜ್ ತಮ್ಮ ನಿವೃತ್ತಿಯ ಉಳಿತಾಯವನ್ನು ಷೇರಿಗೂ ಸಾಲಪತ್ರಕ್ಕೂ ಅರ್ಧರ್ಧ ಹಂಚಿದ್ದಾಗಿ, ಮುಂದೆ ಪಶ್ಚಾತ್ತಾಪ ಕಡಿಮೆಯಾಗಲೆಂದು ಹಾಗೆ ಮಾಡಿದ್ದಾಗಿ ಹೇಳಿಕೊಂಡಿದ್ದರು. ಇದನ್ನು ಕೇಳಿದ ಮೇಲೆ ನನ್ನ ಹಿರಿಯ ಸಹೋದ್ಯೋಗಿಗೆ ಸ್ವಲ್ಪ ಸಮಾಧಾನವಾಯಿತು.

ತರಗತಿಯಲ್ಲಿ ಖಂಡಿತ ಎದುರಾಗುವ ಪ್ರಶ್ನೆಯೊಂದಿದೆ: ವೇರಿಯನ್ಸ್ ಲೆಕ್ಕಹಾಕುವಾಗ n ನಿಂದ ಭಾಗಿಸಬೇಕೆ, n − 1 ರಿಂದಲೆ? ನಿಮ್ಮ ರಾಜ್ಯದ ಪುಸ್ತಕ ಹೇಳಿದಂತೆ ಮಾಡಿ, ಆದರೆ ಇಲ್ಲಿ ಪಾಲು ಬದಲಾಗುವುದಿಲ್ಲ. ಅಂಶದಲ್ಲೂ ಛೇದದಲ್ಲೂ ಅದೇ ಭಾಜಕವಿರುವುದರಿಂದ ಅದು ಹೊಡೆದುಹೋಗುತ್ತದೆ. ತ್ರಿಭುಜದ ಭಾಷೆಯಲ್ಲಿ ಹೇಳುವುದಾದರೆ, ಚಿತ್ರ ಕೊಂಚ ದೊಡ್ಡದಾಗುತ್ತದೆ, ಆಕಾರ ಹಾಗೆಯೇ ಉಳಿಯುತ್ತದೆ. ಸಮರೂಪ ತ್ರಿಭುಜಗಳ ಪಾಠವನ್ನು ನೆನಪಿಸಲು ಒಳ್ಳೆಯ ಸಂದರ್ಭ.

ನಾಳೆಯ ಗುಂಪು ಚಟುವಟಿಕೆಗೆ ಒಂದು ಲೆಕ್ಕ ಕೊಡುತ್ತೇನೆ, ಕಾಗದ ಮತ್ತು ಕೋನಮಾಪಕ ತನ್ನಿ. ವಿಚಲನೆಗಳು 6 ಮತ್ತು 8, ಸಹಸಂಬಂಧ ಸೊನ್ನೆ. ಎಳೆದರೆ 6, 8, 10ರ ತ್ರಿಭುಜ. ಲಂಬದ ಎತ್ತರ 4.8, ಪಾಲುಗಳು 64 ಮತ್ತು 36 ಬರಬೇಕು. ಅನಂತರ ಕೋನವನ್ನು ನಿಧಾನವಾಗಿ ಮುಚ್ಚುತ್ತ ಹೋಗಿ, ಎಂಟರ ಹೂಡಿಕೆಯ ಪಾಲು ಯಾವ ಕೋನದಲ್ಲಿ ಪೂರ್ತಿ ಇಲ್ಲವಾಗುತ್ತದೆ ಎಂದು ಅಳೆದು ಬರೆಯಿರಿ. ಕೋನಮಾಪಕ ಸರಿಯಾಗಿ ಹಿಡಿದವರಿಗೆ 41 ಡಿಗ್ರಿಯ ಹತ್ತಿರ ಸಿಗುತ್ತದೆ.